ಮೊದಲು ಡ್ಯೂಟಿ ಪಟ್ಟಿಯನ್ನು ವಿಚಾರಣೆ ಮಾಡಿ

ಹಬ್ಬದ ದಿನ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಡಾಕ್ಟರು ಇರಲಿಲ್ಲ ಎಂಬ ಸುದ್ದಿ ಬಂದರೆ, ತೀರ್ಪು ಅಂದೇ ಸಂಜೆಗೆ ಸಿದ್ಧವಾಗಿರುತ್ತದೆ. ಡಾಕ್ಟರು ಹಬ್ಬ ಮಾಡಲು ಊರಿಗೆ ಹೋದರು, ಕರ್ತವ್ಯಪ್ರಜ್ಞೆ ಇಲ್ಲ, ನೋಟಿಸ್ ಕೊಡಿ, ಬಯೋಮೆಟ್ರಿಕ್ ಬಿಗಿ ಮಾಡಿ. ಆಸ್ಪತ್ರೆಯ ಒಳಗಿನವರು ಹೇಳುವುದು ಬೇರೆ: ಹಬ್ಬದ ದಿನಗಳಲ್ಲಿ ಎಲ್ಲವನ್ನೂ ಪಟ್ಟಿಯಲ್ಲಿ ಬರೆಯುವುದಕ್ಕಾಗುತ್ತದೆಯೇ, ನಾವು ನಾವೇ ಮಾತಾಡಿಕೊಂಡು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ, ಇಷ್ಟು ವರ್ಷ ಹಾಗೆಯೇ ನಡೆದಿದೆ. ಒಬ್ಬರು ಬೈಯುವ ಮಾತು, ಇನ್ನೊಬ್ಬರು ಸಮಾಧಾನದ ಮಾತು ಆಡುತ್ತಿದ್ದರೂ ಇಬ್ಬರೂ ನಂಬಿರುವುದು ಒಂದನ್ನೇ. ಡ್ಯೂಟಿ ಪಟ್ಟಿ ಎಂಬುದು ಗುಮಾಸ್ತಿಕೆಯ ಒಂದು ಕಾಗದ. ಕೆಲಸ ನಡೆಯುವುದು ಅಥವಾ ಕೆಡುವುದು ಜನರ ಗುಣದಿಂದ ಎಂಬುದು ಆ ನಂಬಿಕೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಯಾರು ಡ್ಯೂಟಿಯಲ್ಲಿದ್ದಾರೆ ಎಂಬ ಗೊಂದಲ ಬಹುಪಾಲು ಸಲ ಶುರುವಾಗುವುದು ಪಟ್ಟಿಯ ವಾಕ್ಯಗಳಲ್ಲಿ. ಆ ವಾಕ್ಯಗಳನ್ನು ತಿದ್ದದೆ ಮನುಷ್ಯರನ್ನು ಶಿಕ್ಷಿಸುತ್ತಾ ಹೋದರೆ ಮುಂದಿನ ಹಬ್ಬಕ್ಕೂ ಅದೇ ಸುದ್ದಿ ಬರುತ್ತದೆ.

ಮಾದರಿಗೆ ಒಂದು ಆದೇಶವನ್ನು ಕಲ್ಪಿಸಿಕೊಳ್ಳೋಣ. ಇಂಥದ್ದನ್ನು ಓದಿರದ ಸರ್ಕಾರಿ ನೌಕರರು ಅಪರೂಪ. ‘ದೀಪಾವಳಿ ಹಬ್ಬದ ಪ್ರಯುಕ್ತ ಸಾರ್ವಜನಿಕರಿಗೆ ತೊಂದರೆಯಾಗದಂತೆ ತುರ್ತು ಸೇವೆಗಳನ್ನು ಮುಂದುವರಿಸತಕ್ಕದ್ದು. ಹಬ್ಬದ ದಿನ ಡಾ. ಕ / ಡಾ. ಖ ಕರ್ತವ್ಯ ನಿರ್ವಹಿಸತಕ್ಕದ್ದು. ತಜ್ಞ ವೈದ್ಯರು ಆನ್ ಕಾಲ್ ಲಭ್ಯವಿರತಕ್ಕದ್ದು. ಸಂಬಂಧಪಟ್ಟವರು ಸೂಕ್ತ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.’ ಭಾಷೆ ಗಂಭೀರವಾಗಿದೆ, ಕೆಳಗೆ ಸಹಿಯಿದೆ, ಮೊಹರಿದೆ. ಇದನ್ನು 2025ರ ಅಕ್ಟೋಬರಿಗೆ ಹೊಂದಿಸಿ ನೋಡಿ. ಆ ವರ್ಷ ಅಕ್ಟೋಬರ್ 20ರ ಸೋಮವಾರ ನರಕ ಚತುರ್ದಶಿಯ ರಜೆ, 22ರ ಬುಧವಾರ ಬಲಿಪಾಡ್ಯಮಿಯ ರಜೆ. ನಡುವಿನ 21ರ ಮಂಗಳವಾರ ಸರ್ಕಾರಿ ಸಾರ್ವತ್ರಿಕ ರಜೆಯ ಪಟ್ಟಿಯಲ್ಲಿ ಇರಲಿಲ್ಲ. ಸೋಮವಾರಕ್ಕೆ ಹಿಂದೆಯೇ ಭಾನುವಾರ. ಈಗ ‘ಹಬ್ಬದ ದಿನ’ ಯಾವುದು? ಎಣ್ಣೆಸ್ನಾನದ ಮನೆಯವರಿಗೆ ಸೋಮವಾರ, ಲಕ್ಷ್ಮೀಪೂಜೆಯನ್ನೇ ಹಬ್ಬವೆನ್ನುವ ಅಂಗಡಿ ಬೀದಿಗೆ ಅಮಾವಾಸ್ಯೆಯ ಲೆಕ್ಕ, ಗೋಪೂಜೆಯ ಮನೆಯವರಿಗೆ ಬುಧವಾರ. ಡಾ. ಕ ಅವರು ಸೋಮವಾರದ್ದು ತಮ್ಮದು, ಬುಧವಾರದ್ದು ಖ ಅವರದು ಎಂದುಕೊಳ್ಳಬಹುದು. ಖ ಅವರು ತಲಾ ಒಂದೊಂದು ಪಾಳಿ ಎಂದುಕೊಳ್ಳಬಹುದು. ಮಂಗಳವಾರ ಮಾಮೂಲಿ ಪಟ್ಟಿ ನಡೆಯುತ್ತದೆ ಎಂದು ಇಬ್ಬರೂ ಭಾವಿಸಬಹುದು. ಮಾಮೂಲಿ ಪಟ್ಟಿಯಲ್ಲಿ ಮಂಗಳವಾರಕ್ಕೆ ಹೆಸರಿರುವ ಮೂರನೆಯವರು, ಹಬ್ಬದ ಆದೇಶ ಬಂದಿರುವುದರಿಂದ ಹಳೆಯದು ರದ್ದಾಯಿತು ಎಂದು ತಿಳಿದು ಬಸ್ಸು ಹತ್ತಿರಬಹುದು. ಮೂವರೂ ಆದೇಶವನ್ನು ಓದಿದ್ದಾರೆ, ಮೂವರೂ ಅದನ್ನು ಪಾಲಿಸಿದ್ದಾರೆ. ಮಂಗಳವಾರ ಸಂಜೆ ಪಟಾಕಿ ಸಿಡಿದು ಕಣ್ಣು ಸುಟ್ಟುಕೊಂಡ ಮಗುವನ್ನು ಎತ್ತಿಕೊಂಡು ಬಂದವರಿಗೆ ಮಾತ್ರ ಕುರ್ಚಿ ಖಾಲಿ.

ಇದರಲ್ಲಿ ಕೆಲಸಗಳ್ಳರು ಯಾರು? ವಿಚಾರಣೆಗೆ ಕರೆದರೆ ಮೂವರೂ ಅದೇ ಕಾಗದವನ್ನು ತೋರಿಸುತ್ತಾರೆ, ಮೂವರ ಮಾತನ್ನೂ ಆ ಕಾಗದ ಸಮರ್ಥಿಸುತ್ತದೆ. ನಿಜವಾಗಿ ತಪ್ಪಿಸಿಕೊಳ್ಳಲು ಬಯಸುವವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇಕಿಲ್ಲ. ಆದ್ದರಿಂದ, ಬರವಣಿಗೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಂಡರೆ ಶಿಸ್ತು ಸಡಿಲವಾಗುತ್ತದೆ ಎಂಬ ಮಾತು ತಲೆಕೆಳಗಾಗಿದೆ. ಶಿಸ್ತು ಕ್ರಮ ನಿಲ್ಲಬೇಕಾದರೂ ಮೊದಲು ಒಬ್ಬರ ಹೆಸರು, ಒಂದು ತಾರೀಖು, ಒಂದು ಹೊತ್ತು ಕಾಗದದ ಮೇಲೆ ಇರಬೇಕು.

ತಾರೀಖಿಗಿಂತ ಹೆಚ್ಚು ಮೋಸ ಮಾಡುವುದು ರಾತ್ರಿ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಮರುದಿನ ಬೆಳಿಗ್ಗೆ 8 ಎಂದು ಮೂರು ಪಾಳಿ. ಪಟ್ಟಿಯಲ್ಲಿ ಹೆಸರುಗಳು ಎಡಕ್ಕೆ, ತಾರೀಖುಗಳು ಮೇಲಕ್ಕೆ, ಮನೆಮನೆಗೂ ಎಂ, ಇ, ಎನ್ ಎಂಬ ಅಕ್ಷರಗಳು. 21ರ ಕೆಳಗೆ ಎನ್ ಎಂದಿದ್ದರೆ ಅದು 21ರ ರಾತ್ರಿ ಆರಂಭವಾಗುವ ಪಾಳಿಯೋ, 21ರ ಬೆಳಿಗ್ಗೆ ಮುಗಿಯುವ ಪಾಳಿಯೋ? ಹತ್ತು ವರ್ಷ ಅದೇ ವಾರ್ಡಿನಲ್ಲಿರುವ ಸಿಸ್ಟರಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ. ಬೇರೆ ಆಸ್ಪತ್ರೆಯಿಂದ ನಿಯೋಜನೆಯ ಮೇಲೆ ಬಂದವರಿಗೆ, ಗುತ್ತಿಗೆಯ ಮೇಲೆ ಹೊಸದಾಗಿ ಸೇರಿದವರಿಗೆ ಹುಟ್ಟುತ್ತದೆ. ಹಬ್ಬದ ಪಾಳಿಗಳು ಹೆಚ್ಚಾಗಿ ಬೀಳುವುದು ಅವರ ಮೇಲೆಯೇ. ‘ರಾತ್ರಿ 12 ಗಂಟೆಯಿಂದ’ ಎಂದು ಬರೆದರೆ ಇನ್ನೂ ಕಷ್ಟ. ಮಂಗಳವಾರದ 12 ಎಂದರೆ ಮಂಗಳವಾರ ಹುಟ್ಟುವ ಹೊತ್ತೋ, ಮುಗಿಯುವ ಹೊತ್ತೋ ಎಂಬುದು ಬರೆದವರ ತಲೆಯಲ್ಲಿ ಮಾತ್ರ ಇರುತ್ತದೆ. ನಡುರಾತ್ರಿ ಕಳೆದು 10 ನಿಮಿಷಕ್ಕೆ ಹೊರಡುವ ರೈಲಿಗೆ ಒಂದು ದಿನ ತಡವಾಗಿ ಸ್ಟೇಷನ್ನಿಗೆ ಬರುವ ಪ್ರಯಾಣಿಕರು ಅನಕ್ಷರಸ್ಥರಲ್ಲ; ನಿದ್ದೆ ಮಾಡಿ ಏಳುವವರೆಗೂ ಹಿಂದಿನ ದಿನವೇ ಮುಂದುವರಿದಿದೆ ಎಂದು ಎಲ್ಲರ ಮನಸ್ಸೂ ಎಣಿಸುತ್ತದೆ.

ಈ ತೊಡಕು ಕಾನೂನು ಬರೆದವರಿಗೆ ಬಹಳ ಹಿಂದೆಯೇ ಗೊತ್ತಿತ್ತು. 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಂ ಇದೊಂದಕ್ಕಾಗಿಯೇ ಇತ್ತು. ಪಾಳಿಯೊಂದು ನಡುರಾತ್ರಿಯನ್ನು ದಾಟಿದರೆ, ನಡುರಾತ್ರಿಯ ನಂತರ ದುಡಿದ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೆ. ಆ ಕಾರ್ಮಿಕರಿಗೆ ರಜೆಯ ದಿನವೆಂದರೆ ಪಾಳಿ ಮುಗಿದ ಕ್ಷಣದಿಂದ 24 ಗಂಟೆ. 61ನೇ ಕಲಂ ಕೆಲಸದ ಅವಧಿಗಳ ಸೂಚನಾ ಫಲಕವನ್ನು ಕಡ್ಡಾಯ ಮಾಡಿತು. 63ನೇ ಕಲಂ ಇನ್ನೂ ಮುಂದೆ ಹೋಗಿ, ಆ ಫಲಕಕ್ಕೂ ಕಾರ್ಮಿಕರ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಮೊದಲೇ ಮಾಡಿದ ನಮೂದಿಗೂ ಹೊರತಾಗಿ ಯಾರನ್ನೂ ದುಡಿಸುವಂತಿಲ್ಲ ಎಂದಿತು. ಭಾನುವಾರ ಕೆಲಸ ಮಾಡಿಸಿ ಬೇರೆ ದಿನ ರಜೆ ಕೊಡುವುದಾದರೂ, ಆ ಎರಡು ದಿನಗಳಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೆ ಮುಂಚೆ ಇನ್‌ಸ್ಪೆಕ್ಟರಿಗೆ ತಿಳಿಸಿ, ಫಲಕದಲ್ಲಿ ಹಾಕಬೇಕೆಂದು 52ನೇ ಕಲಂ ವಿಧಿಸಿತು. ಆಸ್ಪತ್ರೆ ಕಾರ್ಖಾನೆಯಲ್ಲ, ಈ ಕಲಂಗಳು ಅಲ್ಲಿನ ಡಾಕ್ಟರು, ನರ್ಸುಗಳನ್ನು ಕಟ್ಟಿಹಾಕುತ್ತಿರಲಿಲ್ಲ. ಆದರೆ ಕಾಯ್ದೆಯ ಹಿಂದಿನ ತಿಳಿವಳಿಕೆಯನ್ನು ಗಮನಿಸಿ. ಮಗ್ಗದ ಮುಂದೆ ನಿಲ್ಲುವವರ ವಿಷಯದಲ್ಲಿ ‘ಮಾತಾಡಿಕೊಂಡು ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ’ ಎಂದು ಬಿಡಲು ನಮ್ಮ ಶಾಸಕರು ಒಪ್ಪಲಿಲ್ಲ. ಹೆರಿಗೆ ವಾರ್ಡಿನ ವಿಷಯದಲ್ಲಿ ನಾವು ಒಪ್ಪಿ ಕುಳಿತಿದ್ದೇವೆ.

ಮೇಲಿನ ದೀಪಾವಳಿ ಆದೇಶದ ಉಳಿದ ತೊಡಕುಗಳನ್ನೂ ಬಿಡುವಂತಿಲ್ಲ. ಕ ಮತ್ತು ಖ ನಡುವಿನ ಆ ಓರೆಗೆರೆ ಇಡೀ ಕಾಗದದಲ್ಲಿ ಅತ್ಯಂತ ಅಪಾಯಕಾರಿ ಗುರುತು. ಇಬ್ಬರೂ ಬರಬೇಕೋ, ಇಬ್ಬರಲ್ಲಿ ಒಬ್ಬರೋ, ಮೊದಲಿನವರು ಬಾರದಿದ್ದರೆ ಎರಡನೆಯವರೋ ಎಂಬುದನ್ನು ಅದು ಹೇಳುವುದಿಲ್ಲ. ಹೆಸರು ಎರಡಾದ ಕೂಡಲೇ ಪ್ರತಿಯೊಬ್ಬರಿಗೂ ಇನ್ನೊಬ್ಬರಿದ್ದಾರೆ ಎಂಬ ಧೈರ್ಯ ಬರುತ್ತದೆ. ‘ಆನ್ ಕಾಲ್’ ಎಂಬುದಂತೂ ಒಬ್ಬೊಬ್ಬರಿಗೆ ಒಂದೊಂದು. ಕ್ವಾರ್ಟರ್ಸಿನಲ್ಲಿರುವ ಅರಿವಳಿಕೆ ತಜ್ಞರಿಗೆ ಹತ್ತು ನಿಮಿಷದಲ್ಲಿ ಬರುವುದು ಆನ್ ಕಾಲ್. ಜಿಲ್ಲಾ ಕೇಂದ್ರದಲ್ಲಿ ಮನೆ ಮಾಡಿಕೊಂಡವರಿಗೆ ಫೋನಿನಲ್ಲಿ ಸಲಹೆ ಕೊಡುವುದೇ ಆನ್ ಕಾಲ್. ಸಿಸೇರಿಯನ್ ಆಗಲೇಬೇಕಾದ ಬಸುರಿಗೆ ಎರಡನೆಯದು ಉಪಯೋಗಕ್ಕೆ ಬಾರದು. ಎಷ್ಟು ನಿಮಿಷದೊಳಗೆ ಆಸ್ಪತ್ರೆಯಲ್ಲಿರಬೇಕು, ಯಾವ ನಂಬರಿಗೆ ಕರೆ, ಎರಡು ಸಲ ರಿಂಗಾಗಿ ಎತ್ತದಿದ್ದರೆ ಮುಂದೆ ಯಾರಿಗೆ ಎಂಬ ಮೂರನ್ನು ಬರೆಯದೆ ಆನ್ ಕಾಲ್ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ಇನ್ನು ‘ಸಂಬಂಧಪಟ್ಟವರು’. ಸಹಿ ಹಾಕಿದ ಆಡಳಿತ ವೈದ್ಯಾಧಿಕಾರಿಯವರಿಗೇ ಆ ಸಂಬಂಧಪಟ್ಟವರು ಯಾರೆಂದು ಗೊತ್ತಿದ್ದಿದ್ದರೆ ಹೆಸರನ್ನೇ ಬರೆಯುತ್ತಿದ್ದರು.

ಅದೇ ಆದೇಶವನ್ನು ಹೀಗೆ ಬರೆಯಬಹುದಿತ್ತು: ‘19-10-2025 ಭಾನುವಾರ 20:00 ಗಂಟೆಯಿಂದ 23-10-2025 ಗುರುವಾರ 08:00 ಗಂಟೆಯವರೆಗೆ ಈ ಪಟ್ಟಿ ಮಾತ್ರ ಜಾರಿಯಲ್ಲಿರುತ್ತದೆ, ತಿಂಗಳ ಪಟ್ಟಿ ಈ ಅವಧಿಗೆ ಅನ್ವಯಿಸುವುದಿಲ್ಲ. 21-10-2025 ಮಂಗಳವಾರ 20:00ರಿಂದ 22-10-2025 ಬುಧವಾರ 08:00ರವರೆಗೆ ಕ್ಯಾಶುವಾಲಿಟಿಯಲ್ಲಿ ಡಾ. ಖ ಹಾಜರಿರುತ್ತಾರೆ. 20:15ರೊಳಗೆ ಅವರು ಬಾರದಿದ್ದರೆ, ಪಾಳಿಯಲ್ಲಿರುವ ನರ್ಸಿಂಗ್ ಅಧಿಕಾರಿ ಡಾ. ಕ ಅವರಿಗೆ ಕರೆ ಮಾಡುತ್ತಾರೆ, ಡಾ. ಕ 30 ನಿಮಿಷದೊಳಗೆ ಬರುತ್ತಾರೆ. ಅಲ್ಲಿಯವರೆಗೆ ಹಿಂದಿನ ಪಾಳಿಯ ವೈದ್ಯರು ಹೊರಡುವುದಿಲ್ಲ.’ ಹೀಗೆ ಪ್ರತಿ ಪಾಳಿಗೂ. ವಾರ ಮತ್ತು ತಾರೀಖು ಎರಡನ್ನೂ ಬರೆಯುವುದು ದಂಡವಲ್ಲ. ಬೆರಳಚ್ಚಿನಲ್ಲಿ 21 ಎಂಬುದು 22 ಆಗಿಬಿಟ್ಟರೆ ವಾರದ ಹೆಸರಿನೊಂದಿಗೆ ಅದು ತಾಳೆಯಾಗುವುದಿಲ್ಲ, ತಪ್ಪು ಆಗಲೇ ಕಣ್ಣಿಗೆ ಬೀಳುತ್ತದೆ. ಮೊದಲ ವಾಕ್ಯವೇ ಎಲ್ಲಕ್ಕಿಂತ ಮುಖ್ಯ. ಎರಡು ಪಟ್ಟಿಗಳು ಏಕಕಾಲಕ್ಕೆ ಗೋಡೆಯ ಮೇಲಿದ್ದಾಗ ಯಾವುದು ಯಾವುದನ್ನು ರದ್ದು ಮಾಡುತ್ತದೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದನ್ನು ಹೇಳದ ಹಬ್ಬದ ಆದೇಶ ಗೊಂದಲವನ್ನು ಕಳೆಯುವ ಬದಲು ಹೊಸದಾಗಿ ಹುಟ್ಟಿಸುತ್ತದೆ. ಬೆಸುಗೆ ಬಿಡುವುದು ಎರಡು ತುಂಡುಗಳು ಸೇರುವ ಕಡೆಯೇ. ಹಬ್ಬದ ಪಟ್ಟಿಯ ಮೊದಲ ಹಾಗೂ ಕೊನೆಯ ಪಾಳಿ, ತಿಂಗಳ ಕೊನೆಯ ರಾತ್ರಿ, ಇವೇ ಆ ಜಾಗಗಳು. ಅಕ್ಟೋಬರ್ ಪಟ್ಟಿಯಲ್ಲಿ 31ರ ರಾತ್ರಿಯ ಪಾಳಿ ನವೆಂಬರ್ 1ರ ಬೆಳಿಗ್ಗೆ 8ರವರೆಗೆ ಇರುತ್ತದೆ ಎಂದು ಬರೆಯದಿದ್ದರೆ, ಆ ಎಂಟು ಗಂಟೆ ಎರಡೂ ಪಟ್ಟಿಗಳ ನಡುವೆ ಬಿದ್ದುಹೋಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಪಟ್ಟಿ ಗಂಟೆಗಂಟೆಗೂ ಬದಲಾಗುತ್ತದೆ ಎಂಬುದು. ಒಬ್ಬರಿಗೆ ಜ್ವರ, ಒಬ್ಬರ ಮನೆಯಲ್ಲಿ ಸಾವು, ಇನ್ನೊಬ್ಬರನ್ನು ಕೋರ್ಟು ಸಾಕ್ಷಿಗೆ ಕರೆದಿದೆ. ಎಷ್ಟು ಸಲ ಬರೆಯುವುದು? ಬದಲಾಗುತ್ತದೆ ಎಂಬುದು ನಿಜ. ಆದರೆ ಅದು ಬರೆಯದಿರಲು ಕಾರಣವಾಗುವುದಿಲ್ಲ, ಬದಲಾವಣೆಯನ್ನು ಹೇಗೆ ಬರೆಯಬೇಕೆಂದು ಮೊದಲೇ ನಿಶ್ಚಯಿಸಲು ಕಾರಣವಾಗುತ್ತದೆ. ಈಗ ನಡೆಯುವುದು ಏನು? ಇಬ್ಬರು ಕಾರಿಡಾರಿನಲ್ಲಿ ಪಾಳಿ ಬದಲಿಸಿಕೊಳ್ಳುತ್ತಾರೆ, ಒಬ್ಬರು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುತ್ತಾರೆ, ಅದರ ಕೆಳಗೆ ಹಬ್ಬದ ಶುಭಾಶಯದ ಚಿತ್ರಗಳು ಬಂದು ಕೂರುತ್ತವೆ. ಪಟ್ಟಿಯ ಹಳೆಯ ಫೋಟೋ ಇನ್ನೂ ಹತ್ತು ಮೊಬೈಲುಗಳಲ್ಲಿರುತ್ತದೆ, ತಿದ್ದಿದ ಫೋಟೋ ಐದರಲ್ಲಿ. ಎರಡರ ಮೇಲೂ ಯಾವ ದಿನ, ಎಷ್ಟು ಗಂಟೆಗೆ ತಯಾರಾದದ್ದು ಎಂಬ ಗುರುತಿಲ್ಲ. ಬೇಕಾಗಿರುವುದು ದೊಡ್ಡ ತಂತ್ರಜ್ಞಾನವಲ್ಲ. ಪಟ್ಟಿಯ ನೆತ್ತಿಯ ಮೇಲೆ ‘3ನೇ ತಿದ್ದುಪಡಿ, 18-10-2025, 16:00 ಗಂಟೆ, ಇದಕ್ಕೆ ಹಿಂದಿನವು ರದ್ದು’ ಎಂಬ ಒಂದು ಸಾಲು. ಅಸಲು ಪ್ರತಿ ಕ್ಯಾಶುವಾಲಿಟಿಯ ಮೇಜಿನ ಮೇಲೆ, ಫೋನಿನ ಪಕ್ಕದಲ್ಲಿ. ತಕರಾರು ಬಂದರೆ ಅದರ ಮಾತೇ ನಡೆಯುತ್ತದೆ. ಪಾಳಿ ಬದಲಾವಣೆಗೆ ಒಂದು ನಿಯಮ: ಇಬ್ಬರೂ ಅಸಲು ಪ್ರತಿಯಲ್ಲಿ ಸಹಿ ಮಾಡಿ ಉಸ್ತುವಾರಿಯವರು ಒಪ್ಪುವವರೆಗೆ ಡ್ಯೂಟಿ ಮೊದಲಿನವರದೇ. ಈ ನಿಯಮವಿದ್ದರೆ ‘ನಾನು ಅವರಿಗೆ ಹೇಳಿದ್ದೆ’, ‘ನಾನು ನೋಡುತ್ತೇನೆ ಅಂದಿದ್ದೆ ಅಷ್ಟೆ’ ಎಂಬ ಎರಡು ವಾಕ್ಯಗಳ ನಡುವೆ ರೋಗಿ ಸಿಕ್ಕಿಕೊಳ್ಳುವುದಿಲ್ಲ. ಜೊತೆಗೆ ಪೂರ್ಣ ಹೆಸರು ಬರೆಯುವುದನ್ನೂ ಸಣ್ಣ ವಿಷಯವೆನ್ನಬಾರದು. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುಳಾ ಇರುವುದು ನಮ್ಮ ರಾಜ್ಯದಲ್ಲಿ ವಿಶೇಷವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಎಲ್ಲವನ್ನೂ ಗಂಟೆ ನಿಮಿಷದ ಲೆಕ್ಕದಲ್ಲಿ ಬರೆದರೆ ಜನ ಅದಕ್ಕೇ ಜೋತುಬೀಳುತ್ತಾರೆ, 8 ಹೊಡೆದ ಕೂಡಲೇ ‘ನನ್ನ ಡ್ಯೂಟಿ ಮುಗಿಯಿತು’ ಎಂದು ಏಳುತ್ತಾರೆ, ಇಂದು ಆಸ್ಪತ್ರೆಗಳನ್ನು ನಡೆಸುತ್ತಿರುವುದು ಬರೆಯದ ಆ ಕೊಡುಕೊಳ್ಳುವಿಕೆಯೇ ಎಂದು ಅನುಭವಿಗಳು ಹೇಳುತ್ತಾರೆ. ಆ ಕೊಡುಕೊಳ್ಳುವಿಕೆ ನನಗೂ ದೊಡ್ಡದಾಗಿಯೇ ಕಾಣುತ್ತದೆ. ದೀಪಾವಳಿಗೆ ಸಲ್ಮಾ ಸಿಸ್ಟರ್ ನಿಲ್ಲುತ್ತಾರೆ, ರಂಜಾನಿಗೆ ಲಕ್ಷ್ಮಿ ಸಿಸ್ಟರ್, ಕ್ರಿಸ್‌ಮಸ್ಸಿಗೆ ಇಬ್ಬರೂ ಸೇರಿ ಮೇರಿ ಸಿಸ್ಟರನ್ನು ಮನೆಗೆ ಕಳಿಸುತ್ತಾರೆ ಎನ್ನಿ. ಇಂಥ ಏರ್ಪಾಡು ನಮ್ಮ ವಾರ್ಡುಗಳ ಮರ್ಯಾದೆ. ಆದರೆ ಬರೆಯದಿರುವುದರಿಂದ ಅದು ಉಳಿಯುತ್ತದೆಯೋ ಸವೆಯುತ್ತದೆಯೋ ಎಂಬುದನ್ನು ಕೇಳಬೇಕು. ರಂಜಾನಿನ ರಜೆ ಚಂದ್ರದರ್ಶನದ ಮೇಲೆ ನಿಂತಿದೆ, ಪಟ್ಟಿ ಮಾಡುವ ದಿನ ತಾರೀಖು ಖಚಿತವಿರುವುದಿಲ್ಲ. ‘ಚಂದ್ರ ಕಂಡ ಮರುದಿನ’ ಎಂಬ ಷರತ್ತನ್ನು ಎರಡು ತಾರೀಖಿನಲ್ಲೂ ಹೆಸರು ಹಾಕಿ ಬರೆದಿಡದಿದ್ದರೆ, ದೀಪಾವಳಿಗೆ ನಿಂತವರಿಗೆ ತಮ್ಮ ಹಬ್ಬ ಬಂದಾಗ ‘ಪಟ್ಟಿ ಆಗಿಬಿಟ್ಟಿದೆ’ ಎಂಬ ಉತ್ತರ ಸಿಗುತ್ತದೆ. ಕೊಡಗಿನ ಕೈಲ್ ಮುಹೂರ್ತ, ಹುತ್ತರಿಗಳಿಗೂ ಇದೇ ಪಾಡು. ಅವು ಆ ಜಿಲ್ಲೆಗೆ ಮಾತ್ರ ಸಲ್ಲುವ ರಜೆಗಳು, ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿಯ ಕಣ್ಣಿಗೆ ಬೀಳದೆ ಹೋಗಬಹುದು. ಯಾವ ಹಬ್ಬಕ್ಕೆ ಯಾರು ನಿಂತರು ಎಂಬ ಪುಸ್ತಕವಿಲ್ಲದ ಕಡೆ ಪ್ರತಿ ವರ್ಷ ನಿಲ್ಲುವವರು ಅವರೇ: ಮಾತು ಎತ್ತದವರು, ಹೊಸಬರು, ಗುತ್ತಿಗೆಯವರು. ಹೊಂದಾಣಿಕೆ ಎಂದು ಹೊಗಳಿಸಿಕೊಳ್ಳುವುದು ಎಷ್ಟೋ ಕಡೆ ಒಬ್ಬರ ಮೌನವಷ್ಟೆ.

ಪರಿಹಾರ ರಜೆಯ ಲೆಕ್ಕದಲ್ಲಿ ಇದು ಬಿಚ್ಚಿಕೊಳ್ಳುತ್ತದೆ. ನವೆಂಬರ್ 1 ರಾಜ್ಯೋತ್ಸವದ ರಜೆ. ಅಕ್ಟೋಬರ್ 31ರ ರಾತ್ರಿ ಪಾಳಿಯವರು ಆ ರಜೆಯ ದಿನದೊಳಗೆ ಎಂಟು ಗಂಟೆ ದುಡಿಯುತ್ತಾರೆ. ನವೆಂಬರ್ 1ರ ರಾತ್ರಿ ಪಾಳಿಯವರು ನಾಲ್ಕು ಗಂಟೆ. ಪಟ್ಟಿಯಲ್ಲಿ ರಾಜ್ಯೋತ್ಸವದ ಮನೆಯಲ್ಲಿ ಹೆಸರಿರುವುದು ಎರಡನೆಯವರದು. ಪರಿಹಾರ ರಜೆ ಯಾರಿಗೆ? ಕಾರ್ಖಾನೆ ಕಾಯ್ದೆಯ ದಾರಿ ಹಿಡಿದು ಪಾಳಿ ಆರಂಭವಾದ ದಿನವೇ ಲೆಕ್ಕ ಎನ್ನಬಹುದು, ಅಥವಾ ಹೆಚ್ಚು ಗಂಟೆ ಬಿದ್ದ ದಿನ ಎನ್ನಬಹುದು. ಎರಡರಲ್ಲಿ ಯಾವುದಾದರೂ ನಡೆದೀತು, ಪಟ್ಟಿಯ ಕೆಳಗೆ ಮೊದಲೇ ಬರೆದಿದ್ದರೆ. ಬರೆಯದಿದ್ದರೆ ಕೇಳುವ ಬಾಯಿದ್ದವರಿಗೆ ಒಂದು ಲೆಕ್ಕ, ಇಲ್ಲದವರಿಗೆ ಇನ್ನೊಂದು. 8 ಹೊಡೆದ ಕೂಡಲೇ ಎದ್ದು ಹೋಗುವವರ ಸಮಸ್ಯೆಗೂ ಉತ್ತರ ಪಟ್ಟಿಯಲ್ಲೇ ಇದೆ. ಪಾಳಿ ಮುಗಿಯುವುದು ಗಡಿಯಾರದಿಂದಲ್ಲ, ಬಂದವರು ವರದಿ ಪುಸ್ತಕದಲ್ಲಿ ಸಹಿ ಹಾಕಿದಾಗ ಎಂದು ಬರೆಯಿರಿ. ಜೊತೆಗೇ, ಹಾಗೆ ಕಾಯುವುದಕ್ಕೆ ಒಂದು ಮಿತಿಯಿದೆ, ಅಷ್ಟು ಹೊತ್ತು ಕಳೆದರೆ ಕರೆಯುವ ಹೊಣೆ ಇಂಥವರದು ಎಂದೂ ಬರೆಯಿರಿ. ಎರಡನೆಯ ಮಾತನ್ನು ಬಿಟ್ಟರೆ, ರಾತ್ರಿಯಿಡೀ ದುಡಿದವರ ಮೇಲೆಯೇ ಮತ್ತೊಂದು ಪಾಳಿ ಬೀಳುತ್ತದೆ.

ಹುದ್ದೆಗಳೇ ಖಾಲಿಯಿರುವಾಗ ಪಟ್ಟಿ ತಿದ್ದಿ ಏನು ಪ್ರಯೋಜನ ಎನ್ನುವವರಿದ್ದಾರೆ. ಪಟ್ಟಿಯಿಂದ ಡಾಕ್ಟರು ಹುಟ್ಟುವುದಿಲ್ಲ, ಒಪ್ಪಿದೆ. ಒಬ್ಬರೇ ಸ್ತ್ರೀರೋಗ ತಜ್ಞರಿರುವ ಆಸ್ಪತ್ರೆಯಲ್ಲಿ ಅವರು ವರ್ಷದ ಎಲ್ಲ ರಾತ್ರಿಯೂ ಆನ್ ಕಾಲ್ ಎಂದು ಬರೆದರೆ ಅದು ಸುಳ್ಳು ದಾಖಲೆ. ಅಂಥ ಕಡೆ ಪಟ್ಟಿ ಮಾಡಬೇಕಾದ ಕೆಲಸ, ಇಲ್ಲ ಎಂಬುದನ್ನು ಇಲ್ಲ ಎಂದೇ ಬರೆಯುವುದು: ‘22-10-2025 ಬುಧವಾರ 08:00ರಿಂದ 23-10-2025 ಗುರುವಾರ 08:00ರವರೆಗೆ ಸಿಸೇರಿಯನ್ ಸೌಲಭ್ಯ ಇರುವುದಿಲ್ಲ, ಜಿಲ್ಲಾ ಆಸ್ಪತ್ರೆಗೆ ಕಳಿಸುವುದು.’ ಇದರ ಪ್ರತಿ 108 ಆಂಬುಲೆನ್ಸಿನವರಿಗೆ, ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಎರಡು ದಿನ ಮೊದಲೇ ಹೋಗಬೇಕು. ಇಲ್ಲಿಗೆ ಬಂದು, ಕಾದು, ಮತ್ತೆ ಹೊರಡುವಾಗ ಕಳೆಯುವ ಒಂದೂವರೆ ಗಂಟೆ ಬಸುರಿಗೆ ಉಳಿಯುತ್ತದೆ. ಆಡಳಿತಕ್ಕೆ ಇಂಥ ವಾಕ್ಯ ಮುಜುಗರ ತರುತ್ತದೆ, ನಿಜ. ಖಾಲಿ ಹುದ್ದೆಯನ್ನು ಆನ್ ಕಾಲ್ ಎಂಬ ಪದದಡಿ ಮುಚ್ಚಿಟ್ಟಷ್ಟು ಕಾಲ ಆ ಹುದ್ದೆ ತುಂಬಬೇಕೆಂಬ ಒತ್ತಡವೂ ಮೇಲಕ್ಕೆ ಹೋಗುವುದಿಲ್ಲ.

ಬಯೋಮೆಟ್ರಿಕ್ ಯಂತ್ರವನ್ನು ನಂಬಿದವರಿಗೆ ಒಂದು ಮಾತು. ಯಾರು ಬಂದರು ಎಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಯಾರು ಬರಬೇಕಿತ್ತು ಎಂಬುದನ್ನು ಹೇಳಲು ಅದಕ್ಕೂ ಒಂದು ಪಟ್ಟಿ ಬೇಕು, ಆ ಪಟ್ಟಿಯಲ್ಲಿ ಓರೆಗೆರೆ ಇದ್ದರೆ ಯಂತ್ರವೂ ಓರೆಗೆರೆಯನ್ನೇ ಓದುತ್ತದೆ. ಅದಕ್ಕಿಂತ ಅಗ್ಗದ ಪರೀಕ್ಷೆ ಇದೆ. ಪಟ್ಟಿಗೆ ಸಹಿ ಹಾಕುವ ಮೊದಲು ಅದನ್ನು ತಯಾರಿಸುವಲ್ಲಿ ಕೈಯಿಲ್ಲದ ಒಬ್ಬರ ಕೈಗೆ ಕೊಡಿ, ರಾತ್ರಿ ಕಾವಲುಗಾರರಾದರೂ ಸರಿ, ಔಷಧ ವಿತರಕರಾದರೂ ಸರಿ. ಬುಧವಾರ ಬೆಳಗಿನ ಜಾವ 3 ಗಂಟೆಗೆ ಯಾರು? ಮಂಗಳವಾರ ರಾತ್ರಿ 8 ಗಂಟೆ 10 ನಿಮಿಷಕ್ಕೆ ಯಾರು? ಅವರು ಬಾರದಿದ್ದರೆ ಯಾರು, ಯಾವ ನಂಬರು? ಹಬ್ಬದ ಪಟ್ಟಿ ಮುಗಿದು ಮಾಮೂಲಿ ಪಟ್ಟಿ ಶುರುವಾಗುವ ಗಂಟೆಯಲ್ಲಿ ಯಾರು? ಪ್ರತಿ ಪ್ರಶ್ನೆಗೂ ಅವರು ಯಾರನ್ನೂ ಕೇಳದೆ, ಅರ್ಧ ನಿಮಿಷದೊಳಗೆ, ಒಂದೇ ಹೆಸರು ಹೇಳಬೇಕು. ಮುಂದಿನ ಹಬ್ಬದ ಪಟ್ಟಿ ಮೇಜಿಗೆ ಬರಲಿರುವ ಆಡಳಿತ ವೈದ್ಯಾಧಿಕಾರಿಗಳಲ್ಲಿ, ನರ್ಸಿಂಗ್ ಸೂಪರಿಂಟೆಂಡೆಂಟರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಒಂದೇ ಒಂದು ಪ್ರಶ್ನೆಗೆ ಎರಡು ಹೆಸರು ಬಂದರೂ, ಅಥವಾ ‘ಕೇಳಿ ಹೇಳುತ್ತೇನೆ’ ಎಂಬ ಉತ್ತರ ಬಂದರೂ, ಆ ಪಟ್ಟಿಗೆ ಸಹಿ ಹಾಕದೆ ವಾಪಸ್ ಕಳಿಸಿ.